ಸರಿಯಾದ ಕನ್ನಡ ಪದಗಳಿಗೂ ಕೆಂಪು ಗೆರೆ ಯಾಕೆ? ಕಡಿಮೆ ಮಾಡುವುದು ಹೇಗೆ? (ಲಿಬ್ರೆಆಫೀಸ್ ರೈಟರ್)

ಸುಧಾ_ಸಾಗರ

ನಮ್ಮ ಊರಿನ ಚರಿತ್ರೆಯನ್ನು ಪುಸ್ತಕ ಮಾಡೋಣ ಎಂದು ಲಿಬ್ರೆಆಫೀಸ್ ರೈಟರ್‌ನಲ್ಲಿ ಟೈಪ್ ಮಾಡುತ್ತಿದ್ದೇನೆ. ವಿಂಡೋಸ್, ಯೂನಿಕೋಡ್, ಕನ್ನಡದ ಪದಕೋಶ ವಿಸ್ತರಣೆ ಹಾಕಿಕೊಂಡಿದ್ದೇನೆ. ಆದರೂ ಪುಟದ ತುಂಬ ಕೆಂಪು ಗೆರೆ. ಉದಾಹರಣೆಗೆ ಈ ಒಂದು ವಾಕ್ಯ ನೋಡಿ:

"ನಮ್ಮೂರಿನ ಕೆರೆಗಳಲ್ಲಿಯೂ ಹೂಳು ತುಂಬಿದ್ದರಿಂದ ಬೇಸಿಗೆಯಲ್ಲಿ ದನಕರುಗಳಿಗೂ ನೀರಿರುತ್ತಿರಲಿಲ್ಲ."

ಏಳು ಪದಗಳಲ್ಲಿ ಹೂಳು, ಬೇಸಿಗೆಯಲ್ಲಿ ಎರಡು ಮಾತ್ರ ಪಾಸಾಗಿವೆ. ಉಳಿದ ಐದಕ್ಕೂ ಕೆಂಪು. ಒಂದೂ ತಪ್ಪಿಲ್ಲವಲ್ಲ? ಹೀಗಾದರೆ ನಿಜವಾದ ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ? ಪೂರ್ತಿ ಆರಿಸಿಬಿಡಲು ಮನಸ್ಸಿಲ್ಲ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಅದು ಹೇಳಲಿ ಎಂದೇ ಇಟ್ಟುಕೊಂಡಿದ್ದೇನೆ.

ಗಿರೀಶ ಬಿ.

ಪದಕೋಶ ಚಿಕ್ಕದು, ಅಷ್ಟೇ ಕಾರಣ. ಇಂಗ್ಲಿಷಿಗೆ ಇರುವಷ್ಟು ಪದ ಕನ್ನಡಕ್ಕೆ ಯಾರೂ ಹಾಕಿಲ್ಲ. ಕೆಂಪು ಬಂದ ಪದದ ಮೇಲೆ ರೈಟ್ ಕ್ಲಿಕ್ ಮಾಡಿ, Add to Dictionary ಕೊಡುತ್ತಾ ಹೋಗಿ. ಒಂದು ತಿಂಗಳು ಬಿಡದೆ ಮಾಡಿದರೆ ಎಲ್ಲಾ ಸರಿಹೋಗುತ್ತೆ. ನಾನು ಹಾಗೇ ಮಾಡುವುದು.

ಡಿಟಿಪಿ ಮಂಜಣ್ಣ

ನಂದೂ ಇದೇ ಗೋಳು ಮೇಡಂ, ಆದ್ರೆ ನಿಮಗಿಂತ ಜಾಸ್ತಿ. ನಿಮಗೆ ಎರಡಾದ್ರೂ ಪಾಸಾಗಿದೆ. ನಮ್ಮ ಪ್ರೆಸ್ಸಿನ ಹಳೇ ಫೈಲ್ ಯಾವುದು ತೆರೆದ್ರೂ ಒಂದು ಪದಾನೂ ಬಿಡದೆ ಪೂರ್ತಿ ಕೆಂಪು. ನುಡಿಯಲ್ಲಿ ಮಾಡಿದ್ದು. ಕನ್ನಡದ ಪದಕೋಶ ಹಾಕಿದ್ರೂ ಅಷ್ಟೆ, ತೆಗೆದ್ರೂ ಅಷ್ಟೆ.

ವಿಭಕ್ತಿ

ಮಂಜಣ್ಣ, ನಿಮ್ಮದು ಬೇರೆ ರೋಗ. ಮೊದಲು ಅದನ್ನು ಪಕ್ಕಕ್ಕಿಡೋಣ.

ಆ ಫೈಲಿನಲ್ಲಿ ಕನ್ನಡ ಅಕ್ಷರವೇ ಇಲ್ಲ. ಒಂದು ಪದವನ್ನು ಆಯ್ದು ಅದರ ಫಾಂಟನ್ನು ಏರಿಯಲ್‌ಗೆ ಬದಲಾಯಿಸಿ ನೋಡಿ. "ಕನ್ನಡ" ಎಂದು ಕಾಣುತ್ತಿದ್ದದ್ದು `PÀ£ÀßqÀ` ಎಂದಾಗುತ್ತದೆ. ಹಳೆಯ ನುಡಿ ಫಾಂಟುಗಳು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿಕೊಂಡಿರುತ್ತವೆ. ಕಂಪ್ಯೂಟರಿನ ಕಣ್ಣಿಗೆ ಅದು ಅರ್ಥವಿಲ್ಲದ ಇಂಗ್ಲಿಷ್, ಹಾಗಾಗಿ ಪೂರ್ತಿ ಕೆಂಪು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು, ಬೇರೆ ದಾರಿ ಇಲ್ಲ.

ಸುಧಾ ಅವರೇ, ನಿಮ್ಮ ವಿಷಯಕ್ಕೆ ಬರುತ್ತೇನೆ. ಎರಡು ಪದ ಪಾಸಾಗಿವೆ ಎಂಬುದೇ ಒಳ್ಳೆಯ ಸುಳಿವು. ಕನ್ನಡದ ಪದಕೋಶ ಕೆಲಸ ಮಾಡುತ್ತಿದೆ ಎಂದರ್ಥ. ಎಲ್ಲಾ ಪದವೂ ಕೆಂಪಾಗಿದ್ದರೆ ಭಾಷೆ ತಪ್ಪಾಗಿ ಹೊಂದಿಸಿರುವ ಸಾಧ್ಯತೆ ಹೆಚ್ಚು. ಭಾರತೀಯ ಲಿಪಿಗಳನ್ನು ಲಿಬ್ರೆಆಫೀಸ್ Complex text layout ಎಂಬ ಗುಂಪಿಗೆ ಸೇರಿಸುತ್ತದೆ. ಅಲ್ಲಿ ಹಿಂದಿ ಕೂತಿದ್ದರೆ ಕನ್ನಡದ ಪದಗಳನ್ನು ಹಿಂದಿ ಪದಕೋಶದಲ್ಲಿ ಹುಡುಕುತ್ತದೆ, ಒಂದೂ ಸಿಗುವುದಿಲ್ಲ. ಯಾವ ಪದಕೋಶವೂ ಇಲ್ಲದ ಭಾಷೆ ಕೂತಿದ್ದರೆ ಒಂದೂ ಕೆಂಪು ಬರುವುದಿಲ್ಲ. "ಆಹಾ, ನನ್ನ ಬರಹದಲ್ಲಿ ತಪ್ಪೇ ಇಲ್ಲ" ಎಂದುಕೊಂಡವರು ಇದನ್ನು ನೋಡಿಕೊಳ್ಳಿ: Tools > Options > Languages and Locales > General. ಹಳೆಯ ಆವೃತ್ತಿಯಲ್ಲಿ Language Settings ಎಂದಿರುತ್ತದೆ.

ಇನ್ನು ಗಿರೀಶ್ ಹೇಳಿದ್ದು ಅರ್ಧ ನಿಜ. ಪದಕೋಶ ಚಿಕ್ಕದಿರಬಹುದು. ಆದರೆ ನಿಮ್ಮ ವಾಕ್ಯದಲ್ಲಿ ಕೆಂಪಾದ "ಕೆರೆಗಳಲ್ಲಿಯೂ" ತಗೊಳ್ಳಿ. "ಕೆರೆ" ಎಂದಷ್ಟೇ ಟೈಪ್ ಮಾಡಿ ನೋಡಿ, ಬಹುಶಃ ಕೆಂಪು ಬರುವುದಿಲ್ಲ. ಅಂದರೆ ಪದ ಗೊತ್ತಿದೆ, ಅದಕ್ಕೆ ಅಂಟಿದ ಬಾಲ ಗೊತ್ತಿಲ್ಲ.

ಸುಧಾ_ಸಾಗರ

ಹೌದು! "ಕೆರೆ", "ಕೆರೆಯಲ್ಲಿ" ಎರಡಕ್ಕೂ ಗೆರೆ ಇಲ್ಲ. "ಕೆರೆಗಳಲ್ಲಿ" ಕೂಡ ಸರಿ. "ಕೆರೆಗಳಲ್ಲಿಯೂ" ಎಂದ ಕೂಡಲೇ ಕೆಂಪು. "ದನಕರು" ಬರೀ ಹಾಗೇ ಬರೆದರೂ ಕೆಂಪು.

ಗಿರೀಶ ಬಿ.

ಹಾಗಾದರೆ "ಕೆರೆಗಳಲ್ಲಿಯೂ" ಸೇರಿಸಿಬಿಡಿ, ಮುಗೀತು. ನಾನು ಹೇಳಿದ್ದೂ ಅದನ್ನೇ.

ವಿಭಕ್ತಿ

ಮುಗಿಯುವುದಿಲ್ಲ ಗಿರೀಶ್. ಲೆಕ್ಕ ಹಾಕೋಣ. ಕೆರೆ, ಕೆರೆಯನ್ನು, ಕೆರೆಯಿಂದ, ಕೆರೆಗೆ, ಕೆರೆಯ, ಕೆರೆಯಲ್ಲಿ ಎಂದು ಆರು. ಬಹುವಚನದಲ್ಲಿ ಇನ್ನಾರು. ಒಟ್ಟು 12 ಆಯಿತು. ಇವುಗಳಲ್ಲಿ ಹೆಚ್ಚಿನವಕ್ಕೆ ಊ, ಏ, ಓ, ಆ ಸೇರುತ್ತವೆ: ಕೆರೆಗೂ, ಕೆರೆಗೇ, ಕೆರೆಗೋ, ಕೆರೆಗಾ. ಬಾಲವಿಲ್ಲದ ರೂಪವನ್ನೂ ಸೇರಿಸಿದರೆ 12ಕ್ಕೆ ಐದರಂತೆ ಸುಮಾರು 60. "ಕೆರೆಯಲ್ಲೂ" ಮತ್ತು "ಕೆರೆಯಲ್ಲಿಯೂ" ಎರಡೂ ಸರಿ, ಅದು ಬೇರೆ. "ಕೆರೆಯಲ್ಲಿದ್ದ", "ಕೆರೆಯಲ್ಲಿರುವ", "ಕೆರೆಗಾಗಿ", "ಕೆರೆಯಾಗಿದ್ದರೂ" ಎಂದು ಮುಂದಿನ ಪದದ ಜೊತೆ ಸಂಧಿಯಾಗಿ ಬರುವವನ್ನು ನಾನು ಎಣಿಸಿಯೇ ಇಲ್ಲ. ಇದು ಒಂದೇ ನಾಮಪದದ ಕಥೆ. ರೈಟ್ ಕ್ಲಿಕ್ ಮಾಡಿ ಸೇರಿಸಿದರೆ ಆ ಒಂದು ರೂಪ ಮಾತ್ರ ಸೇರುತ್ತದೆ. ನಾಳೆ "ಕೆರೆಗಳಲ್ಲೂ" ಬರೆದರೆ ಮತ್ತೆ ಕೆಂಪು.

ಲಿಬ್ರೆಆಫೀಸ್ ಒಳಗೆ ಈ ಕೆಲಸ ಮಾಡುವುದು ಹನ್‌ಸ್ಪೆಲ್. ಅದನ್ನು ಮೊದಲು ಕಟ್ಟಿದ್ದು ಹಂಗೇರಿಯನ್ ಭಾಷೆಗೆ. ಅಲ್ಲೂ ನಮ್ಮ ಹಾಗೇ ಪದಕ್ಕೆ ಪ್ರತ್ಯಯ ಅಂಟುತ್ತಾ ಹೋಗುತ್ತದೆ. ಹಾಗಾಗಿ ಹನ್‌ಸ್ಪೆಲ್‌ಗೆ ಎರಡು ಫೈಲು ಬೇಕು: `.dic` ನಲ್ಲಿ ಮೂಲ ಪದಗಳು, `.aff` ನಲ್ಲಿ ಯಾವ ಗುಂಪಿನ ಪದಕ್ಕೆ ಯಾವ ಪ್ರತ್ಯಯ ಹೇಗೆ ಅಂಟುತ್ತದೆ ಎಂಬ ನಿಯಮ. ನಿಮ್ಮ ಪದಕೋಶದ `.dic` ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ (`.oxt` ಎಂಬುದು ಜಿಪ್ ಫೈಲೇ, ಹೆಸರು ಬದಲಿಸಿದರೆ ಬಿಚ್ಚಿಕೊಳ್ಳುತ್ತದೆ). ಪದಗಳ ಮುಂದೆ ಓರೆಗೆರೆ ಹಾಕಿ ಅಕ್ಷರ ಕೊಟ್ಟಿದ್ದರೆ ನಿಯಮಗಳಿವೆ. ಬರೀ ಪದಗಳ ಸಾಲಿದ್ದರೆ ಅದು ಒಣ ಪಟ್ಟಿ. ಎಲ್ಲಿಂದಲೋ ಸಂಗ್ರಹಿಸಿದ ರೂಪಗಳಲ್ಲಿ ಸಿಕ್ಕಿದ್ದು ಪಾಸು, ಸಿಗದಿದ್ದು ಕೆಂಪು.

ಸುಧಾ_ಸಾಗರ

ತೆರೆದು ನೋಡಿದೆ. ಓರೆಗೆರೆ ಒಂದೂ ಇಲ್ಲ. "ಕೆರೆಗಳಲ್ಲಿ" ಎಂಬುದೇ ಒಂದು ಪ್ರತ್ಯೇಕ ಸಾಲಾಗಿದೆ.

ವಿಭಕ್ತಿ

ಹಾಗಿದ್ದರೆ ಒಣ ಪಟ್ಟಿ. ನಿಮ್ಮ ಪುಸ್ತಕಕ್ಕೆ ಬೇಕಾದಷ್ಟು ನಿಯಮವನ್ನು ನೀವೇ ಬರೆದುಕೊಳ್ಳಬಹುದು. ಕಷ್ಟವಿಲ್ಲ, ಶಾಲೆಯಲ್ಲಿ ಕಲಿತ ವಿಭಕ್ತಿ ಪ್ರತ್ಯಯ ನೆನಪಿದ್ದರೆ ಸಾಕು. ಕೆರೆ, ಮನೆ, ಶಾಲೆ, ಹಳ್ಳಿ ಇವೆಲ್ಲ ಒಂದೇ ಗುಂಪು. ಆ ಗುಂಪಿಗೆ M ಎಂದು ಹೆಸರಿಡೋಣ. ಕೊನೆಗೆ ಬರುವ ಊ ಬಾಲಕ್ಕೆ U.

```
SET UTF-8
SFX M Y 4
SFX M 0 ಗೆ/U .
SFX M 0 ಯಲ್ಲಿ/U .
SFX M 0 ಗಳಿಗೆ/U .
SFX M 0 ಗಳಲ್ಲಿ/U .

SFX U Y 3
SFX U ಿ ೂ ಿ
SFX U 0 ಯೂ ಿ
SFX U ೆ ೂ ೆ
```

ಮೊದಲ ಗುಂಪು ಓದುವುದು ಹೀಗೆ: ಏನನ್ನೂ ಕತ್ತರಿಸದೆ (0) "ಗಳಲ್ಲಿ" ಅಂಟಿಸು, ಆಮೇಲೆ ಬೇಕಿದ್ದರೆ U ಗುಂಪಿನ ಬಾಲವೂ ಬರಲಿ. U ನಲ್ಲಿ ಮೊದಲ ಸಾಲು ಲೋಪಸಂಧಿ: ಇ ಕಾರ ಕತ್ತರಿಸಿ ಊ ಕಾರ ಹಾಕು, "ಕೆರೆಗಳಲ್ಲೂ". ಎರಡನೆಯದು ಯಕಾರಾಗಮ, ನಿಮ್ಮ "ಕೆರೆಗಳಲ್ಲಿಯೂ". ಮೂರನೆಯದು "ಕೆರೆಗೆ" ಹೋಗಿ "ಕೆರೆಗೂ" ಆಗುವುದು. Y ಮುಂದಿನ ಅಂಕಿ ಆ ಗುಂಪಿನಲ್ಲಿ ಎಷ್ಟು ಸಾಲಿವೆ ಎಂಬ ಲೆಕ್ಕ. ಸಾಲು ಸೇರಿಸಿದರೆ ಅದನ್ನೂ ತಿದ್ದಬೇಕು. `.aff` ನಲ್ಲಿ `SET UTF-8` ಮೊದಲೇ ಇದ್ದರೆ ಮತ್ತೊಮ್ಮೆ ಬೇಡ. M, U ಹೆಸರುಗಳು ಅಲ್ಲಿ ಆಗಲೇ ಬಳಕೆಯಲ್ಲಿದ್ದರೆ ಬೇರೆ ಅಕ್ಷರ ಇಟ್ಟುಕೊಳ್ಳಿ.

`.dic` ನಲ್ಲಿ ಆ ಪದಗಳನ್ನು ಹೀಗೆ ಬರೆಯಿರಿ:

```
ಕೆರೆ/M
ಶಾಲೆ/M
ಹಳ್ಳಿ/M
```

ಈ ನಾಲ್ಕು ಸಾಲಿನ M ಗುಂಪು ಒಂದೊಂದು ಪದಕ್ಕೂ 10 ಹೊಸ ರೂಪ ಕೊಡುತ್ತದೆ. ಅನ್ನು, ಇಂದ, ಏ, ಓ ಸೇರಿಸಿಕೊಂಡರೆ ಇನ್ನೂ ಹೆಚ್ಚು. ಎರಡೂ ಫೈಲನ್ನು UTF-8 ಆಗಿ ಉಳಿಸಿ (BOM ಇಲ್ಲದ್ದು), ಲಿಬ್ರೆಆಫೀಸ್ ಪೂರ್ತಿ ಮುಚ್ಚಿ ತೆರೆಯಿರಿ. ಮೂಲ ಫೈಲುಗಳ ಪ್ರತಿ ಇಟ್ಟುಕೊಳ್ಳಿ. ನಿಮ್ಮದನ್ನೂ ಬೇರೆಡೆ ಉಳಿಸಿ, ಯಾಕೆಂದರೆ ವಿಸ್ತರಣೆಯ ಹೊಸ ಆವೃತ್ತಿ ಬಂದರೆ ನೀವು ತಿದ್ದಿದ್ದು ಅಳಿಸಿಹೋಗುತ್ತದೆ.

ಒಂದು ಎಚ್ಚರಿಕೆ. "ಮರ"ಕ್ಕೆ M ಕೊಡಬೇಡಿ. ಕೊಟ್ಟರೆ "ಮರಗೆ", "ಮರಯಲ್ಲಿ" ಎಂಬ ತಪ್ಪುಗಳೂ ಪಾಸಾಗುತ್ತವೆ. ಅದಕ್ಕೆ ದ ಕಾರ ಬರುವ ಬೇರೆ ಗುಂಪು ಬೇಕು: ಮರಕ್ಕೆ, ಮರದಲ್ಲಿ. "ಊರು" ಮೂರನೆಯ ಗುಂಪು: ಊರಿಗೆ, ಊರಿನಲ್ಲಿ, ಊರಲ್ಲಿ.

ಮೇಷ್ಟ್ರು_ತಿಪಟೂರು

ವಿಭಕ್ತಿಯವರು ಹೇಳಿದ ಎಚ್ಚರಿಕೆಯನ್ನು ನಾನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತೇನೆ. ಕೆಂಪು ಬಂದ ಕೂಡಲೇ "ಇದು ಸರಿಯಾದ ಪದವೇ" ಎಂದು ಸೇರಿಸಿಬಿಡುವ ಅಭ್ಯಾಸ ಅಪಾಯ. ನಮ್ಮಲ್ಲಿ ಮಕ್ಕಳ ಲೇಖನ ಒಟ್ಟುಮಾಡುವ ಕಂಪ್ಯೂಟರಿನ ಪದಪಟ್ಟಿ ತೆರೆದರೆ "ಶುದ್ದ", "ವಿಧ್ಯಾರ್ಥಿ", "ಹಾರ್ಧಿಕ" ಎಲ್ಲವೂ ಒಳಗಿದ್ದವು. ಒಮ್ಮೆ ಸೇರಿತೆಂದರೆ ಆ ತಪ್ಪು ಮತ್ತೆಂದೂ ಕಣ್ಣಿಗೆ ಬೀಳುವುದಿಲ್ಲ. ಪಟ್ಟಿಗೆ ಸೇರಿಸುವ ಮುಂಚೆ ನಿಘಂಟು ನೋಡಿ.

ಇನ್ನೊಂದು. "ಕವಯಿತ್ರಿ"ಯೇ ಶುದ್ಧ ರೂಪ. "ಕವಯತ್ರಿ"ಗೆ ಕೆಂಪು ಬರಲೇಬೇಕು.

ಗಿರೀಶ ಬಿ.

ಪತ್ರಿಕೆಗಳಲ್ಲಿ "ಕವಯತ್ರಿ" ಎಷ್ಟು ವರ್ಷದಿಂದ ಬರುತ್ತಿದೆ ಸಾರ್. ಜನ ಬಳಸಿದ್ದೇ ಸರಿ. ಪದಕೋಶ ಎರಡನ್ನೂ ಒಪ್ಪಬೇಕು.

ಮೇಷ್ಟ್ರು_ತಿಪಟೂರು

ಜನ ಬಳಸಿದ್ದನ್ನೆಲ್ಲ ಒಪ್ಪಿದರೆ ಪರೀಕ್ಷೆ ಎಂಬ ಹೆಸರು ಯಾಕೆ? ಇದರಲ್ಲಿ ನಿಮ್ಮ ಜೊತೆ ನನಗೆ ಒಮ್ಮತವಿಲ್ಲ.

ನನ್ನದೂ ಒಂದು ಪ್ರಶ್ನೆಯಿದೆ. "ಬೆ೦ಗಳೂರು" ಎಂಬ ಪದಕ್ಕೆ ಒಂದು ಕಡತದಲ್ಲಿ ಕೆಂಪು ಬರುತ್ತದೆ, ನಾನೇ ಟೈಪ್ ಮಾಡಿದರೆ ಬರುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಥರ ಕಾಣುತ್ತವೆ. ಇದಕ್ಕೆ ಪ್ರತ್ಯಯದ ಮಾತೇ ಬರುವುದಿಲ್ಲವಲ್ಲ?

ವಿಭಕ್ತಿ

ಮೇಷ್ಟ್ರೇ, ನೀವು ಇಲ್ಲಿ ಅಂಟಿಸಿದ ಪದವನ್ನೇ ನೋಡಿದೆ. ಅದರಲ್ಲಿರುವುದು ಅನುಸ್ವಾರವಲ್ಲ, ಕನ್ನಡದ ಅಂಕಿ ಸೊನ್ನೆ. ಟೈಪ್ ಮಾಡಿದವರು ದುಂಡಗೆ ಕಂಡದ್ದನ್ನು ಒತ್ತಿದ್ದಾರೆ. ಆ ಸೊನ್ನೆಯ ಬಲಕ್ಕೆ ಕರ್ಸರ್ ಇಟ್ಟು Alt+X ಒತ್ತಿ. `U+0CE6` ಎಂದು ಬಂದರೆ ಅಂಕಿ. ಅನುಸ್ವಾರದ ಸಂಖ್ಯೆ 0C82. ಇನ್ನೊಮ್ಮೆ Alt+X ಒತ್ತಿದರೆ ಮೊದಲಿನಂತಾಗುತ್ತದೆ. ಇಲ್ಲಿ ಕೆಂಪು ಗೆರೆ ಹೇಳುತ್ತಿರುವುದು ನಿಜವಾದ ತಪ್ಪನ್ನೇ. ಹಾಗೇ ಬಿಟ್ಟರೆ "ಬೆಂಗಳೂರು" ಎಂದು ಹುಡುಕಿದಾಗ ಆ ಜಾಗ ಸಿಗುವುದೂ ಇಲ್ಲ.

ಎಲ್ಲಾ ಸೊನ್ನೆಯನ್ನೂ ಕಣ್ಣುಮುಚ್ಚಿ ಬದಲಿಸಬೇಡಿ, "೧೦", "೨೦೦೫" ಕೆಟ್ಟುಹೋಗುತ್ತವೆ. Ctrl+H ನಲ್ಲಿ Regular expressions ಟಿಕ್ ಮಾಡಿ, ಅಕ್ಷರದ ಹಿಂದೆಯೇ ಬಂದ ಸೊನ್ನೆಯನ್ನು ಮಾತ್ರ ಹಿಡಿಯಿರಿ:

```
Find:    ([ಅ-ೌ])೦
Replace: $1ಂ
```

ಡಿಟಿಪಿ ಮಂಜಣ್ಣ

ವಿಭಕ್ತಿ ಸಾರ್, ಪರಿವರ್ತಕದಲ್ಲಿ ಹಾಕಿ ಒಂದು ಪುಸ್ತಕ ಯೂನಿಕೋಡ್ ಮಾಡಿದೆ. ಈಗ ಅರ್ಧಕ್ಕರ್ಧ ಪಾಸು. ಆದ್ರೆ ಕೊ, ಕೋ, ಕೇ ಇರೋ ಪದ ಎಲ್ಲಾ ಕೆಂಪು. "ಕೊಡೆ", "ಕೋಟೆ", "ಕೇರಿ" ಇಂಥ ಸಣ್ಣ ಪದಾನೂ! ಕಣ್ಣಿಗೆ ಸರಿಯಾಗೇ ಕಾಣ್ತಿದೆ. ಇದೂ ಸೊನ್ನೆ ಥರದ್ದೇ ಏನಾದ್ರೂ ಇದ್ಯಾ?

ವಿಭಕ್ತಿ

ಅದೇ ಜಾತಿಯದ್ದು. ನುಡಿಯ ಹಳೆಯ ಫಾಂಟಿನಲ್ಲಿ "ಕೊ" ಎಂದರೆ `PÉÆ`, ಎತ್ವ ಒಂದು ಚೂರು, ಕೊಂಬಿನ ದೀರ್ಘ ಇನ್ನೊಂದು ಚೂರು. "ಕೋ" ಎಂದರೆ `PÉÆÃ`, ಮೂರು ಚೂರು. ನಿಮ್ಮ ಪರಿವರ್ತಕ ಚೂರಿಗೆ ಚೂರು ಬದಲಿಸಿ ಸುಮ್ಮನಾಗಿದೆ, ಸೇರಿಸಿ ಒಂದು ಚಿಹ್ನೆ ಮಾಡಿಲ್ಲ. ಪದಕೋಶದಲ್ಲಿರುವುದು ಒಂದೇ ಚಿಹ್ನೆಯ ಒತ್ವ, ನಿಮ್ಮಲ್ಲಿರುವುದು ಎರಡು ಚಿಹ್ನೆ. ಕಣ್ಣಿಗೆ ಒಂದೇ, ಹೋಲಿಕೆಯಲ್ಲಿ ಬೇರೆ.

Regular expressions ಟಿಕ್ ಇಟ್ಟೇ, ಇದೇ ಕ್ರಮದಲ್ಲಿ ಬದಲಿಸಿ. ಮೂರು ಚೂರಿನದು ಮೊದಲು ಬರಬೇಕು:

```
\u0CC6\u0CC2\u0CD5   →  ೋ
\u0CC6\u0CC2         →  ೊ
\u0CC6\u0CD5         →  ೇ
\u0CBF\u0CD5         →  ೀ
```

ಆಮೇಲೆ "ಕರ್ಮ", "ಧರ್ಮ" ಥರದ ಅರ್ಕಾವೊತ್ತಿನ ಪದಗಳನ್ನು ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ ಅಲ್ಲೂ ಕೆಂಪು ಬರುತ್ತದೆ, ಅದನ್ನು ಹೀಗೆ ಸಾಲು ಬದಲಿಸಿ ಸರಿಮಾಡಲು ಆಗದು. ಪರಿವರ್ತಕವನ್ನೇ ಬದಲಿಸಿ.

ಧಾರವಾಡದಾಕಿ

ನನ್ನದೂ ಒಂದ್ ಕೇಳ್ರಿ. ನಾ ಹಂತಿ ಪದ ಟೈಪ್ ಮಾಡಾಕತ್ತೇನಿ. "ಅದರಾಗ", "ಬಂದಾನ", "ಹ್ವಾದ", ಎಲ್ಲಾ ಕೆಂಪು. ನಮ್ಮ ಮಾತು ತಪ್ಪು ಅಂತ ಹೇಳಾಕ ಇದು ಯಾರ್ರಿ? ಮೊದಲ ಸಾಲ ನೋಡಿದಾಗ ಭಾಳ ಬ್ಯಾಸರಾತು. ಹಾಡಿನ ಮುಂದ ಬರೋ ಟಿಪ್ಪಣಿ ಮಾತ್ರ ಗ್ರಂಥಭಾಷಾದಾಗ ಐತಿ, ಅದಕ್ಕ ಪರೀಕ್ಷೆ ಬೇಕs ಬೇಕು. ಹಾಡಿಗೆ ಬ್ಯಾಡ.

ಇನ್ನೊಂದೇನಂದ್ರ, "ಫೋನ್‌", "ಬಸ್‌" ಅಂತ ಮೊಬೈಲಿನಾಗ ಬರದು ಕಳಿಸಿದ್ದನ್ನ ಅಂಟಿಸಿದ್ರ ಅವಕ್ಕೂ ಕೆಂಪು.

ವಿಭಕ್ತಿ

ಅಕ್ಕಾ, ಹಾಡಿಗೆ ಒಂದು ಪ್ರತ್ಯೇಕ ಪ್ಯಾರಾಗ್ರಾಫ್ ಸ್ಟೈಲ್ ಮಾಡಿಕೊಳ್ಳಿ. F11 ಒತ್ತಿ, ಹೊಸ ಸ್ಟೈಲಿಗೆ "ಹಾಡು" ಎಂದು ಹೆಸರಿಟ್ಟು, Font ಟ್ಯಾಬಿನಲ್ಲಿ ಕನ್ನಡದ ಅಕ್ಷರಕ್ಕೆ ಇರುವ ಭಾಷೆಯನ್ನು None ಮಾಡಿ. ಆ ಸ್ಟೈಲ್ ಹಾಕಿದ ಸಾಲುಗಳಿಗೆ ಪರೀಕ್ಷೆಯೇ ನಡೆಯುವುದಿಲ್ಲ, ಟಿಪ್ಪಣಿಗೆ ಮಾತ್ರ ನಡೆಯುತ್ತದೆ. ಪುಸ್ತಕದ ತುಂಬ ಆಡುಮಾತಿನ ರೂಪಗಳನ್ನು ಪದಪಟ್ಟಿಗೆ ಸೇರಿಸುವುದಕ್ಕಿಂತ ಇದು ಎಷ್ಟೋ ಮೇಲು. "ಬಂದಾನ" ಸೇರಿಸಿದರೆ ಟಿಪ್ಪಣಿಯಲ್ಲಿ "ಬಂದಾಗ" ಬರೆಯಲು ಹೋಗಿ ಬೆರಳು ತಪ್ಪಿದ್ದೂ ಪಾಸಾಗುತ್ತದೆ. ನಿಮ್ಮ ಮಾತು ತಪ್ಪಲ್ಲ. ಧಾರವಾಡದ ಕನ್ನಡಕ್ಕೇ ಒಂದು ಪದಕೋಶ ಇರಬೇಕಿತ್ತು ಎಂಬುದು ನನ್ನ ಆಸೆ ಕೂಡ.

"ಫೋನ್‌" ವಿಷಯ: ಕೊನೆಯ ನ್ ಮುಂದೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿದೆ, ZWNJ. ಒತ್ತಕ್ಷರ ಆಗದಂತೆ ತಡೆಯುವುದು ಅದರ ಕೆಲಸ. "ಸಾಫ್ಟ್‌ವೇರ್" ಎಂಬಲ್ಲಿ ಟ್ ಮತ್ತು ವ ನಡುವೆ ಅದು ಬೇಕೇ ಬೇಕು, ಇಲ್ಲದಿದ್ದರೆ ವ ಒತ್ತಾಗುತ್ತದೆ. ಪದದ ಕೊನೆಯಲ್ಲಿ ಅದಕ್ಕೆ ಕೆಲಸವಿಲ್ಲ. ಆದರೂ ಕೆಲವು ಕೀಲಿಮಣೆಗಳು ಹಾಕಿಬಿಡುತ್ತವೆ. ಕೊನೆಯಲ್ಲಿರುವುದನ್ನು ಮಾತ್ರ ತೆಗೆಯಲು ಇದನ್ನು ಹುಡುಕಿ, Replace ಖಾಲಿ ಬಿಡಿ:

```
\u200C(?=[\s.,;!?]|$)
```

ನಡುವೆ ಇರುವ ZWNJ ಬಗ್ಗೆ ಪದಕೋಶವೇ ತಕರಾರು ಮಾಡುತ್ತಿದ್ದರೆ `.aff` ನಲ್ಲಿ `IGNORE` ಎಂದು ಬರೆದು ಒಂದು ಜಾಗ ಬಿಟ್ಟು ಆ ಚಿಹ್ನೆಯನ್ನು ಅಂಟಿಸಬಹುದು. ಆಗ ಹೋಲಿಸುವಾಗ ಅದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಹಾಗೆ ಮಾಡಿದರೆ ಬೇಕಾದ ಜಾಗದಲ್ಲಿ ಅದು ಬಿಟ್ಟುಹೋದರೂ ಗೊತ್ತಾಗುವುದಿಲ್ಲ. ನಾನು ಅದಕ್ಕೇ ಹಾಕಿಕೊಂಡಿಲ್ಲ.

ಕೊಪ್ಪದ ಹುಡುಗ

ನಾನು ಎಂಎಸ್ ವರ್ಡ್ ಬಳಸೋದು. ಅಲ್ಲಿ ಈ `.aff` ಎಲ್ಲ ನಡೆಯುತ್ತಾ?

ವಿಭಕ್ತಿ

ಇಲ್ಲ, ವರ್ಡ್‌ನ ಪದಕೋಶ ಬೇರೆಯದು, ಒಳಗೆ ಕೈ ಹಾಕಲು ಬರುವುದಿಲ್ಲ. Review > Language > Set Proofing Language ನಲ್ಲಿ ಆ ಭಾಗಕ್ಕೆ ಕನ್ನಡವೇ ಇದೆಯೇ ನೋಡಿ. ನಿಮ್ಮ ಪದ ಸೇರಿಸಲು CUSTOM.DIC ಇದೆ, ಆದರೆ ಅಲ್ಲಿ ಒಂದೊಂದು ರೂಪವನ್ನೂ ಬೇರೆಬೇರೆ ಬರೆಯಬೇಕು. ಅಕ್ಷರದ ಗೊಂದಲಗಳು ಮಾತ್ರ ಅಲ್ಲೂ ಇವೇ. Alt+X ಅಲ್ಲೂ ಕೆಲಸ ಮಾಡುತ್ತದೆ.

ಸುಧಾ_ಸಾಗರ

ವಿಭಕ್ತಿ ಅವರೇ, ನಿಯಮ ಹಾಕಿ ತೆರೆದೆ. "ಕೆರೆಗಳಲ್ಲಿಯೂ" ಗೆರೆ ಹೋಯಿತು! "ಶಾಲೆಗೂ", "ಹಳ್ಳಿಗಳಲ್ಲೂ" ಕೂಡ ಪಾಸು. "ದನಕರು" ಪದವನ್ನು ಪಟ್ಟಿಗೆ ಹಾಕಿ, "ಗಳಿಗೆ" ಒಂದೇ ಇರುವ ಇನ್ನೊಂದು ಗುಂಪು ಮಾಡಿ ಅದಕ್ಕೆ U ಸೇರಿಸಿದೆ, "ದನಕರುಗಳಿಗೂ" ಸರಿಯಾಯಿತು. ಉಳಿದಿರುವುದು ಮೂರು: ನಮ್ಮೂರಿನ, ತುಂಬಿದ್ದರಿಂದ, ನೀರಿರುತ್ತಿರಲಿಲ್ಲ.

ಇನ್ನೊಂದು ಪ್ರಶ್ನೆ. ನಮ್ಮ ಕಡೆಯ ಜಾಗಗಳ ಹೆಸರು ತುಂಬಾ ಇವೆ. ಪ್ರತಿ ಸಲ `.dic` ತೆರೆಯಬೇಕಾ?

ವಿಭಕ್ತಿ

ಬೇಕಿಲ್ಲ, ನಿಮ್ಮ ನಿಯಮ ಕೂತಿರುವುದರಿಂದ ಈಗ ಸುಲಭದ ದಾರಿ ತೆರೆದಿದೆ. Tools > Options > Languages and Locales > Writing Aids ಗೆ ಹೋಗಿ, User-defined dictionaries ನಲ್ಲಿ New ಒತ್ತಿ, ಭಾಷೆ ಕನ್ನಡ ಎಂದೇ ಆರಿಸಿ. All ಎಂದು ಬಿಟ್ಟರೆ ಮುಂದಿನದು ನಡೆಯುವುದಿಲ್ಲ. ಆಮೇಲೆ Edit ಒತ್ತಿದರೆ Word ಪಕ್ಕದಲ್ಲಿ Grammar By ಎಂಬ ಖಾನೆ ಕಾಣುತ್ತದೆ. ಇದು 6.0 ಆವೃತ್ತಿಯಿಂದ ಇದೆ. Word ನಲ್ಲಿ "ಇಕ್ಕೇರಿ", Grammar By ನಲ್ಲಿ "ಹಳ್ಳಿ" ಎಂದು ಕೊಡಿ. ಹಳ್ಳಿಗೆ ಯಾವ ಬಾಲವೆಲ್ಲ ಅಂಟುತ್ತದೋ ಅವೆಲ್ಲ ಇಕ್ಕೇರಿಗೂ ಅಂಟುತ್ತವೆ: ಇಕ್ಕೇರಿಗೆ, ಇಕ್ಕೇರಿಯಲ್ಲೂ. ಒಣ ಪಟ್ಟಿಯ ಪದಕೋಶದಲ್ಲಿ ಈ ಖಾನೆ ಇದ್ದರೂ ಪ್ರಯೋಜನವಿರಲಿಲ್ಲ.

ಉಳಿದ ಮೂರರಲ್ಲಿ "ನಮ್ಮೂರಿನ" ಸುಲಭ. "ನಮ್ಮೂರು" ಎಂಬುದನ್ನೇ ಒಂದು ಪದವೆಂದು ಹಾಕಿ, ಊರು ಗುಂಪಿನ ನಿಯಮ ಕೊಡಿ. "ತುಂಬಿದ್ದರಿಂದ" ಕ್ರಿಯಾಪದದ ಗುಂಪು ಕಟ್ಟಿದರೆ ಬರುತ್ತದೆ: ತುಂಬು ಪದದ ಉ ಕಾರ ಕತ್ತರಿಸಿ "ಿದ್ದರಿಂದ" ಅಂಟಿಸುವುದು. ಹತ್ತಿಪ್ಪತ್ತು ಸಾಲಿನ ಆ ಗುಂಪು ಒಮ್ಮೆ ಬರೆದರೆ ಹಾಡು, ನೋಡು, ಕೂಗು ಎಲ್ಲಕ್ಕೂ ಆಗುತ್ತದೆ. ಕೊಡು, ಬಿಡು, ಬರು, ತರು ಇವನ್ನು ಸೇರಿಸಬೇಡಿ. ಅವು ಕೊಟ್ಟ, ಬಿಟ್ಟ, ಬಂದ, ತಂದ ಎಂದು ಮೂಲವನ್ನೇ ಬದಲಿಸಿಕೊಳ್ಳುತ್ತವೆ.

"ನೀರಿರುತ್ತಿರಲಿಲ್ಲ" ಕಷ್ಟ. ನೀರು, ಇರು, ಉತ್ತ, ಇರಲಿಲ್ಲ ಎಲ್ಲ ಸಂಧಿಯಾಗಿ ಒಂದೇ ಪದವಾಗಿವೆ. ಹನ್‌ಸ್ಪೆಲ್ ಒಂದರ ಮೇಲೊಂದು ಎರಡು ಪ್ರತ್ಯಯದವರೆಗೆ ಮಾತ್ರ ಬಿಚ್ಚುತ್ತದೆ. ಮೂರನೆಯದು ಬೇಕಿದ್ದರೆ ಎರಡನ್ನು ಮೊದಲೇ ಹೊಲಿದು ಒಂದೇ ಪ್ರತ್ಯಯವೆಂದು ಬರೆಯಬೇಕು, ನಾವು "ಗಳಲ್ಲಿ" ಮಾಡಿದ ಹಾಗೆ. ಎರಡು ಸ್ವತಂತ್ರ ಪದ ಕೂಡಿದಾಗ ಅದೂ ಸಾಲದು. ಯಾವ ಪದಕ್ಕೆ ಯಾವುದನ್ನು ಬೇಕಾದರೂ ಅಂಟಿಸು ಎಂದು ನಿಯಮ ಸಡಿಲಿಸಿದರೆ ತಪ್ಪುಗಳೂ ನುಗ್ಗುತ್ತವೆ. ನಾನಾದರೆ ಅದನ್ನು ಕೆಂಪಾಗಿಯೇ ಬಿಡುತ್ತೇನೆ.

ಗಿರೀಶ ಬಿ.

"ನೀರು ಇರುತ್ತಿರಲಿಲ್ಲ" ಎಂದು ಬಿಡಿಸಿ ಬರೆದರೆ ಆಯ್ತಲ್ಲ. ಓದಲೂ ಸುಲಭ.

ಸುಧಾ_ಸಾಗರ

ಬೇಡ ಗಿರೀಶ್. ಯಂತ್ರಕ್ಕೆ ಅರ್ಥವಾಗಲಿ ಎಂದು ನನ್ನ ವಾಕ್ಯ ಒಡೆಯಲಾರೆ. ಕೆಂಪು ಇರಲಿ ಬಿಡಿ.

ನಾಳೆ ಕ್ರಿಯಾಪದದ ಗುಂಪು ಬರೆಯಲು ಕೂರುತ್ತೇನೆ. ತುಂಬಿತು, ತುಂಬಿದೆ, ತುಂಬಿದ್ದ, ತುಂಬಿದ್ದರೆ, ತುಂಬಿದ್ದರೂ, ತುಂಬಿದ್ದರಿಂದ, ತುಂಬುತ್ತಿತ್ತು, ತುಂಬಲಿಲ್ಲ, ಇಷ್ಟು ಬರೆದಿಟ್ಟಿದ್ದೇನೆ. ಬಿಟ್ಟುಹೋದದ್ದು ಯಾವುದಾದರೂ ಹೊಳೆದರೆ ಇಲ್ಲೇ ಹಾಕಿ.

ಧಾರವಾಡದಾಕಿ

ತುಂಬಿಕೊಂಡು, ತುಂಬಿಸಿದ, ತುಂಬಿಹೋಗಿದ್ದ. "ತುಂಬಿಸು" ಅನ್ನೋದನ್ನ ಬ್ಯಾರೆ ಪದಾನ ಅಂತ ಹಾಕ್ರಿ. ಅದಕ್ಕೂ ಇದs ಗುಂಪು ಹತ್ತತೈತಿ.